ಎರಡು ದಿನದ ಬಿಸಿಲು, ಒಂದೇ ಜಗಲಿ

"ಈ ಮನೆ ಬಿಟ್ಟು ನಾನೆಲ್ಲಿಗೆ ಹೋಗ್ಲಿ" ಎಂದು ಅಜ್ಜಿ ಹೇಳುವುದು ನವೆಂಬರಿನಲ್ಲಿ. "ಹೋದ್ರೂ ಅಲ್ಲಿ ನಂಗೆ ಅಡಿಕೆ ಸುಲಿಯೋಕೆ ಯಾರು ಕೊಡ್ತಾರೆ" ಎಂದು ಆ ಮಾತು ಮುಗಿಯುವುದು ಡಿಸೆಂಬರಿನಲ್ಲಿ. ಸಿನಿಮಾದಲ್ಲಿ ಈ ಎರಡರ ನಡುವೆ ಇರುವುದು ಒಂದು ಉಸಿರು ಮಾತ್ರ. ಮೊದಲ ಸಲ ಅವರು ಪೂರ್ತಿ ಮಾತು ಆಡಿದ್ದರಂತೆ, ಅಷ್ಟರಲ್ಲಿ ಪಕ್ಕದ ತೋಟದಲ್ಲಿ ಯಾರೋ ಪಂಪ್ ಸೆಟ್ ಚಾಲೂ ಮಾಡಿ ಕೊನೆಯ ಅರ್ಧ ಕೇಳದಂತಾಯಿತು. ತಿಂಗಳು ಬಿಟ್ಟು ನಿರ್ದೇಶಕಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು, ಅಜ್ಜಿ ಹೆಚ್ಚುಕಮ್ಮಿ ಅದೇ ಉತ್ತರ ಕೊಟ್ಟರು. ಸಂಕಲನಕಾರ ಮೊದಲರ್ಧವನ್ನು ಅಲ್ಲಿಂದ, ಉಳಿದರ್ಧವನ್ನು ಇಲ್ಲಿಂದ ತೆಗೆದು ಜೋಡಿಸಿದ. ಕಿವಿಗೆ ಜೋಡಣೆ ಗೊತ್ತೇ ಆಗುವುದಿಲ್ಲ. ಕಣ್ಣಿಗೆ ಮಾತ್ರ ಅದು ತೇಪೆ ಹಾಕಿದ ಸೀರೆಯಂತೆ ಕಾಣುತ್ತಿತ್ತು. ಆ ತೇಪೆ ಕಾಣದ ಹಾಗೆ ಮಾಡುವುದು ನನ್ನ ಕೆಲಸ.

ನಾನು ಕಲರಿಸ್ಟ್. ಹೆಚ್ಚಿನವರು ಈ ಕೆಲಸವೆಂದರೆ ಚಿತ್ರಕ್ಕೆ ಚಂದದ ಬಣ್ಣ ಕೊಡುವುದು ಎಂದುಕೊಂಡಿರುತ್ತಾರೆ. ಅದೂ ಇದೆ, ಆದರೆ ಅದು ಕೊನೆಯ ಎರಡು ದಿನದ ಕೆಲಸ. ಅದಕ್ಕೂ ಮುಂಚಿನ ಹತ್ತು ದಿನ ನಾವು ಮಾಡುವುದು ಬೇರೆ ಬೇರೆ ದಿನ, ಬೇರೆ ಬೇರೆ ಕ್ಯಾಮೆರಾದಲ್ಲಿ ತೆಗೆದ ತುಣುಕುಗಳು ಒಂದೇ ಹೊತ್ತಿನಲ್ಲಿ, ಒಂದೇ ಕಣ್ಣಿನಿಂದ ನೋಡಿದಂತೆ ಕಾಣಬೇಕೆಂದು ಒಂದೊಂದನ್ನೇ ಹದಕ್ಕೆ ತರುವುದು. ರೀಲಿನ ಕಾಲದಲ್ಲೂ ಈ ಕೆಲಸವಿತ್ತು. ಆಗ ಲ್ಯಾಬಿನಲ್ಲಿ ಕೂತವರು ಪ್ರತಿ ಶಾಟಿಗೆ ಕೆಂಪು, ಹಸಿರು, ನೀಲಿ ಬೆಳಕು ಎಷ್ಟೆಷ್ಟು ಬೀಳಬೇಕೆಂದು 1ರಿಂದ 50ರವರೆಗಿನ ಅಂಕಿಗಳಲ್ಲಿ ಬರೆದಿಡುತ್ತಿದ್ದರು. ಅವರ ಬಳಿ ಇದ್ದದ್ದು ಆ ಮೂರು ಅಂಕಿಗಳು ಮಾತ್ರ. ನಮ್ಮ ಬಳಿ ಈಗ ಮುನ್ನೂರು ಗುಂಡಿಗಳಿವೆ, ಆದರೆ ಎಡವುವ ಜಾಗ ಬದಲಾಗಿಲ್ಲ.

ಸಾಗರದ ಕಡೆಯ ಒಂದು ಅಡಿಕೆ ಮನೆಯ ಸಾಕ್ಷ್ಯಚಿತ್ರ ಅದು. ಕೊನೆ ಕೊಯ್ಲಿನಿಂದ ಹಿಡಿದು ಸುಲಿಯುವುದು, ಬೇಯಿಸುವುದು, ಅಟ್ಟದ ಮೇಲೆ ಒಣಗಿಸುವುದರವರೆಗೆ ಒಂದು ಹಂಗಾಮಿನ ಕತೆ. ನವೆಂಬರಿನಲ್ಲಿ ಎರಡು ದಿನ ಸೋನಿ ಕ್ಯಾಮೆರಾದಲ್ಲಿ ಚಿತ್ರೀಕರಣವಾಯಿತು, ಆಕಾಶ ಮುಚ್ಚಿಕೊಂಡಿತ್ತು. ಡಿಸೆಂಬರಿಗೆ ಹೋಗುವ ಹೊತ್ತಿಗೆ ಆ ಕ್ಯಾಮೆರಾ ಬೇರೆ ಯಾರಿಗೋ ಬಾಡಿಗೆಗೆ ಹೋಗಿದ್ದರಿಂದ ಕ್ಯಾನನ್ ಬಂತು. ಅವತ್ತು ಮಧ್ಯಾಹ್ನದ ಇಳಿಬಿಸಿಲು ಜಗಲಿಯ ಮೇಲೇ ಬಂದು ಕೂತಿತ್ತು. ಇವೆರಡರ ಜೊತೆಗೆ ನಿರ್ದೇಶಕಿ ತಮ್ಮ ಫೋನಿನಲ್ಲಿ ತೆಗೆದ ಹತ್ತು ಹದಿನೈದು ತುಣುಕುಗಳೂ ಇದ್ದವು. ಅಜ್ಜಿಗೆ ಎರಡೂ ಸಲ ಒಂದೇ ಹಸಿರು ನೂಲಿನ ಸೀರೆ ಉಡಲು ಕೇಳಿಕೊಂಡಿದ್ದರು. "ಒಗೆದು ಹಾಕಿದೀನಿ, ಬಣ್ಣ ಸ್ವಲ್ಪ ಹೋಗಿರಬಹುದು" ಎಂದು ಅವರು ಕ್ಯಾಮೆರಾ ಮುಂದೆಯೇ ಹೇಳಿದ್ದು ದಾಖಲಾಗಿದೆ. ನನ್ನ ಕೆಲಸದ ಬಗ್ಗೆ ಅಷ್ಟು ಕಾಳಜಿ ತೋರಿಸಿದ್ದು ಆ ತಂಡದಲ್ಲಿ ಅವರೊಬ್ಬರೇ.

ಮೊದಲು ಕ್ಯಾಮೆರಾಗಳ ಮಾತು. ಈಗಿನ ಒಳ್ಳೆಯ ಕ್ಯಾಮೆರಾಗಳು ಚಿತ್ರವನ್ನು ನಾವು ನೋಡುವ ರೂಪದಲ್ಲಿ ಬರೆದಿಡುವುದಿಲ್ಲ. ತೀರಾ ಕತ್ತಲು, ತೀರಾ ಬೆಳಕು ಎರಡನ್ನೂ ಉಳಿಸಿಕೊಳ್ಳಲು ಅದನ್ನು ಅಮುಕಿ, ಮಂಕಾದ ಬೂದಿ ಬಣ್ಣದ ಚಿತ್ರವಾಗಿ ಬರೆಯುತ್ತವೆ. ಇದಕ್ಕೆ ಲಾಗ್ ಎನ್ನುತ್ತಾರೆ. ತೊಂದರೆ ಏನೆಂದರೆ ಒಂದೊಂದು ಕಂಪನಿ ಅಮುಕುವ ರೀತಿ ಒಂದೊಂದು. ಛಾಯಾಗ್ರಾಹಕರು ಅಳತೆಗೋಲಾಗಿ ಇಟ್ಟುಕೊಳ್ಳುವ ಬೂದು ಬಣ್ಣವೊಂದಿದೆ, ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ. 18ರಷ್ಟನ್ನು ಹಿಂದಕ್ಕೆ ಕಳಿಸುವ ಬೂದು. ಅದನ್ನು ಸೋನಿಯ ಎಸ್-ಲಾಗ್ 3 ಸುಮಾರು ಶೇ. 41ರ ಮಟ್ಟದಲ್ಲಿ ಬರೆಯುತ್ತದೆ, ಕ್ಯಾನನ್ ಲಾಗ್ 3 ಸುಮಾರು ಶೇ. 34ರಲ್ಲಿ. ಅಂದರೆ ಒಂದೇ ಕಾರ್ಡನ್ನು ಒಂದೇ ಬೆಳಕಿನಲ್ಲಿ, ಸರಿಯಾದ ಎಕ್ಸ್‌ಪೋಷರಿನಲ್ಲಿ ತೆಗೆದರೂ ಒಂದರಲ್ಲಿ ಅದು ಕಪ್ಪಾಗಿ ಕಾಣುತ್ತದೆ. ಇದು ಯಾರ ತಪ್ಪೂ ಅಲ್ಲ, ಲಿಪಿ ಬೇರೆ ಅಷ್ಟೇ. ಕನ್ನಡದ ಪದವನ್ನು ಒಬ್ಬ ಕನ್ನಡ ಲಿಪಿಯಲ್ಲಿ, ಇನ್ನೊಬ್ಬ ನಾಗರಿಯಲ್ಲಿ ಬರೆದಂತೆ.

ಆದ್ದರಿಂದ ಕೈಯಿಂದ ಏನನ್ನೂ ಮುಟ್ಟುವ ಮೊದಲು ಎರಡನ್ನೂ ಒಂದೇ ಲಿಪಿಗೆ ತರಬೇಕು. ನಾನು ಬಳಸುವ ಡಾವಿಂಚಿ ರಿಸಾಲ್ವ್‌ನಲ್ಲಿ ಇದಕ್ಕೊಂದು ಪರಿವರ್ತಕವಿದೆ. ಒಳಗೆ ಬರುತ್ತಿರುವುದು ಯಾವ ಲಾಗ್, ಯಾವ ಬಣ್ಣದ ವ್ಯಾಪ್ತಿ ಎಂದು ಹೇಳಿದರೆ ಅದು ಲೆಕ್ಕ ಹಾಕಿ ಒಂದು ಸಾಮಾನ್ಯ ನೆಲೆಗೆ ತಂದುಕೊಡುತ್ತದೆ. ಸೋನಿಯ ತುಣುಕುಗಳೆಲ್ಲ ಒಂದು ಗುಂಪು, ಕ್ಯಾನನ್ನಿನವು ಇನ್ನೊಂದು ಗುಂಪು, ಫೋನಿನವು ಮೂರನೆಯದು. ಪರಿವರ್ತನೆಯನ್ನು ಗುಂಪಿಗೆ ಒಂದೇ ಸಲ ಹಾಕುತ್ತೇನೆ. ಶಾಟಿನಿಂದ ಶಾಟಿಗೆ ಮಾಡುವ ಹೊಂದಿಕೆ ಅದರ ನಂತರ, ಇಡೀ ಚಿತ್ರಕ್ಕೆ ಕೊಡುವ ಒಟ್ಟು ಬಣ್ಣದ ಧಾಟಿ ಎಲ್ಲಕ್ಕಿಂತ ಕೊನೆಗೆ. ಮೂರು ಮಹಡಿಯ ಮನೆ ಇದ್ದ ಹಾಗೆ. ನೆಲಮಹಡಿಯ ಕೆಲಸವನ್ನು ಮೇಲಿನ ಮಹಡಿಯಲ್ಲಿ ಮಾಡಲು ಹೋದರೆ, ನಾಳೆ ನಿರ್ದೇಶಕಿ "ಇನ್ನೂ ಸ್ವಲ್ಪ ಬೆಚ್ಚಗಿರಲಿ" ಎಂದಾಗ ಎಲ್ಲವನ್ನೂ ಕೆಡವಬೇಕಾಗುತ್ತದೆ.

ಪರಿವರ್ತನೆ ಹಾಕಿದ ಮೇಲೆ ಹೊಸಬರು ಗಾಬರಿಯಾಗುತ್ತಾರೆ. ಲೆಕ್ಕವೆಲ್ಲ ಸರಿ ಇದ್ದರೂ ಎರಡು ಶಾಟ್‌ಗಳು ಇನ್ನೂ ಬೇರೆಯೇ ಕಾಣುತ್ತವೆ! ಕಾಣಲೇಬೇಕು. ಪರಿವರ್ತಕಕ್ಕೆ ಗೊತ್ತಿರುವುದು ಲಿಪಿ ಮಾತ್ರ. ಆ ದಿನ ಮೋಡವಿತ್ತೇ ಬಿಸಿಲಿತ್ತೇ, ಲೆನ್ಸಿನ ಗಾಜು ಸ್ವಲ್ಪ ಹಳದಿಯೇ, ಕ್ಯಾಮೆರಾ ಹಿಡಿದವರು ಬಿಳಿಯನ್ನು ಯಾವ ಅಂಕಿಗೆ ಕಟ್ಟಿದ್ದರು ಎಂಬುದು ಅದಕ್ಕೆ ಗೊತ್ತಿಲ್ಲ. ನಮ್ಮ ಜಗಲಿಯಲ್ಲಿ ಆದದ್ದೂ ಅದೇ. ನವೆಂಬರಿನ ಕ್ಯಾಮೆರಾದವರು ಬಿಳಿಯನ್ನು 5600 ಕೆಲ್ವಿನ್‌ಗೆ ಕಟ್ಟಿ ಕೈಬಿಟ್ಟಿದ್ದರು. ಮೋಡದ ಬೆಳಕು ಅದಕ್ಕಿಂತ ತಣ್ಣಗಿರುವುದರಿಂದ ಚಿತ್ರವೆಲ್ಲ ತುಸು ನೀಲಿಗೆ ವಾಲಿತ್ತು. ಆದರೆ ಮೊದಲಿನಿಂದ ಕೊನೆಯವರೆಗೂ ಅಷ್ಟೇ ನೀಲಿ. ಡಿಸೆಂಬರಿನಲ್ಲಿ ಬಿಳಿಯನ್ನು ಕ್ಯಾಮೆರಾದ ಇಷ್ಟಕ್ಕೇ ಬಿಟ್ಟಿದ್ದರು. ಅಜ್ಜಿ ಹಸಿರಡಿಕೆಯ ಬುಟ್ಟಿಯನ್ನು ತಮ್ಮ ಕಡೆಗೆ ಎಳೆದುಕೊಂಡ ತಕ್ಷಣ ಚೌಕಟ್ಟಿನಲ್ಲಿ ಹಸಿರು ಜಾಸ್ತಿಯಾಯಿತು, ಕ್ಯಾಮೆರಾ "ಓಹೋ ಹಸಿರು ಹೆಚ್ಚಾಯಿತು" ಎಂದು ಇಡೀ ಚಿತ್ರವನ್ನು ಮೆಲ್ಲಗೆ ನಸುಗೆಂಪಿನ ಕಡೆಗೆ ತಳ್ಳಿತು. ಒಂದೇ ಶಾಟಿನೊಳಗೆ, ಆರು ಸೆಕೆಂಡಿನಲ್ಲಿ ಅವರ ಮುಖದ ಬಣ್ಣ ಬದಲಾಯಿತು.

ಸ್ಥಿರವಾಗಿ ತಪ್ಪಿರುವುದು ಒಂದು ಸಲ ತಿದ್ದಿದರೆ ಮುಗಿಯಿತು. ತಾನೇ ಜರುಗುತ್ತಿರುವುದನ್ನು ಬೆನ್ನು ಹತ್ತಿ ತಿದ್ದಬೇಕು. ಜರುಗುವಿಕೆ ಶುರುವಾಗುವ ಫ್ರೇಮ್ ಎಲ್ಲಿ, ನಿಲ್ಲುವ ಫ್ರೇಮ್ ಎಲ್ಲಿ ಎಂದು ಹುಡುಕಿ ಎರಡೂ ಕಡೆ ಗೂಟ ಹೊಡೆದು, ನಡುವೆ ಉಲ್ಟಾ ದಿಕ್ಕಿಗೆ ಅಷ್ಟೇ ನಿಧಾನವಾಗಿ ಎಳೆಯಬೇಕು. ಆ ಒಂದು ಶಾಟಿಗೆ ನನಗೆ ಅರ್ಧ ದಿನ ಹಿಡಿಯಿತು. ಬಿಳಿಯನ್ನು ಯಾವುದೋ ಒಂದು ಅಂಕಿಗೆ ಕಟ್ಟಿ, ತಪ್ಪಾದರೂ ಚಿಂತೆಯಿಲ್ಲ, ಮುಟ್ಟಬೇಡಿ ಎಂದು ಸಿಕ್ಕ ಛಾಯಾಗ್ರಾಹಕರಿಗೆಲ್ಲ ನಾನು ಹೇಳುತ್ತಿರುತ್ತೇನೆ. ಪ್ರತಿ ಬೆಳಕಿನಲ್ಲೂ ಹತ್ತು ಸೆಕೆಂಡು ಒಂದು ಬೂದು ಕಾರ್ಡನ್ನು ಮುಖದ ಹತ್ತಿರ ಹಿಡಿದು ತೆಗೆಯಿರಿ ಎಂದೂ ಹೇಳುತ್ತೇನೆ. ಕಾರ್ಡಿನ ಬೆಲೆ ಒಂದು ಹೊತ್ತಿನ ಊಟದಷ್ಟು. ಈ ಚಿತ್ರದಲ್ಲಿ ಎಲ್ಲೂ ಕಾರ್ಡ್ ಇರಲಿಲ್ಲ.

ಕಾರ್ಡ್ ಇಲ್ಲದಿದ್ದರೆ ಚಿತ್ರದ ಒಳಗೇ ಕಾರ್ಡನ್ನು ಹುಡುಕಬೇಕು. ಎರಡೂ ದಿನ ಚೌಕಟ್ಟಿನಲ್ಲಿರುವ, ತಿಂಗಳಲ್ಲಿ ಬಣ್ಣ ಬದಲಾಗದ, ತನ್ನದೇ ಬಣ್ಣ ಇಲ್ಲದ ವಸ್ತು ಯಾವುದು? ಅಜ್ಜಿಯ ಹಿಂದೆ ಸುಣ್ಣ ಬಳಿದ ಗೋಡೆ ಇತ್ತು. ಆದರೆ ಜಗಲಿಯ ನೆಲ ಕೆಂಪು ಗಾರೆಯದು. ನೆಲಕ್ಕೆ ಬಿದ್ದ ಬೆಳಕು ಕೆಂಪಾಗಿ ಪುಟಿದು ಗೋಡೆಯ ಕೆಳಭಾಗಕ್ಕೆ ಹತ್ತುತ್ತದೆ, ಬಿಸಿಲಿದ್ದ ದಿನ ಇನ್ನೂ ಹೆಚ್ಚು. ಕೆಳಗಿನ ಒಂದು ಗಜ ಗೋಡೆಯನ್ನು ನಂಬಿ ಬಿಳಿಯನ್ನು ಸರಿಮಾಡಲು ಹೋದರೆ ಅಜ್ಜಿಯ ಮುಖ ನೀಲಿಯಾಗುತ್ತದೆ. ಹಾಗಾಗಿ ಕಿಟಕಿಯ ಮೇಲಿನ ಅಂಚಿನ ಹತ್ತಿರದ ಗೋಡೆಯನ್ನು ಆರಿಸಿಕೊಂಡೆ.

ಅಲ್ಲಿ ಅಳೆಯುವುದಕ್ಕೆ ಪೆರೇಡ್ ಎಂಬ ಗ್ರಾಫ್ ಇದೆ. ಚಿತ್ರದ ಕೆಂಪು, ಹಸಿರು, ನೀಲಿಯನ್ನು ಪಕ್ಕಪಕ್ಕದಲ್ಲಿ ಮೂರು ಕಂಬಗಳಾಗಿ ತೋರಿಸುತ್ತದೆ, ಕೆಳಗೆ ಕಪ್ಪು 0, ಮೇಲೆ ಬಿಳಿ 1023. ಬಣ್ಣವಿಲ್ಲದ ವಸ್ತುವಾದರೆ ಮೂರರಲ್ಲೂ ಒಂದೇ ಎತ್ತರದಲ್ಲಿರಬೇಕು. ನವೆಂಬರಿನ ಗೋಡೆ ಕೆಂಪಿನಲ್ಲಿ 570, ಹಸಿರಿನಲ್ಲಿ 590, ನೀಲಿಯಲ್ಲಿ 625 ಇತ್ತು. ಡಿಸೆಂಬರಿನದು 640, 610, 540. ಇಷ್ಟು ಹೊತ್ತು ನಾನು "ಇದು ತಣ್ಣಗಿದೆ, ಅದು ಬೆಚ್ಚಗಿದೆ" ಎಂದು ಮೋಘಮ್ಮಾಗಿ ಅಂದುಕೊಂಡಿದ್ದಕ್ಕೆ ಈಗ ಅಂಕಿ ಸಿಕ್ಕಿತು.

ತಿದ್ದುವುದಕ್ಕೆ ಒಂದು ಕ್ರಮವಿದೆ, ಮತ್ತು ಆ ಕ್ರಮದ ಮೇಲೆ ಇಡೀ ಕೆಲಸ ನಿಂತಿದೆ. ಮೊದಲು ಬೆಳಕು, ಆಮೇಲೆ ಬಣ್ಣ. ಒಂದು ಶಾಟ್ ಇನ್ನೊಂದಕ್ಕಿಂತ ಗಾಢವಾಗಿದ್ದರೆ ಅದರ ಬಣ್ಣವೂ ಜಾಸ್ತಿ ಇರುವಂತೆ ಕಣ್ಣಿಗೆ ಕಾಣುತ್ತದೆ. ಬೆಳಕನ್ನು ಸರಿಮಾಡದೆ ಬಣ್ಣಕ್ಕೆ ಕೈ ಹಾಕಿದರೆ ಇಲ್ಲದ ರೋಗಕ್ಕೆ ಮದ್ದು ಕೊಟ್ಟಂತೆ. ಅದಕ್ಕೇ ನಾನು ಮೊದಲು ಎರಡೂ ಶಾಟುಗಳ ಬಣ್ಣ ತೆಗೆದು ಕಪ್ಪುಬಿಳುಪು ಮಾಡಿಕೊಂಡು ನೋಡುತ್ತೇನೆ. ಅಜ್ಜಿಯ ತಲೆಗೂದಲಿನ ಕಪ್ಪು, ಗೋಡೆಯ ಬಿಳಿ, ಹಣೆಯ ನಡುಮಟ್ಟ ಈ ಮೂರೂ ಎರಡರಲ್ಲಿ ಒಂದೇ ಎತ್ತರಕ್ಕೆ ಬಂದ ಮೇಲೆ ಬಣ್ಣವನ್ನು ವಾಪಸು ತರುತ್ತೇನೆ. ಆಮೇಲೆ ಗೋಡೆಯ ಮೂರು ಕಂಬಗಳನ್ನು ಸಮ ಮಾಡುವುದು. ಅದಾದ ಮೇಲೆ ಬಣ್ಣದ ತೀವ್ರತೆ. ಎಲ್ಲ ಮುಗಿದ ನಂತರವೂ ಯಾವುದೋ ಒಂದೇ ಬಣ್ಣ ಹೊಂದದೆ ಉಳಿದಿದ್ದರೆ ಅದನ್ನಷ್ಟೇ ಹಿಡಿದು ತಿರುಗಿಸುವುದು. ಇಲ್ಲಿ ಹಾಗೆ ಉಳಿದದ್ದು ತೋಟದ ಹಸಿರು. ಒಂದರಲ್ಲಿ ಅದು ಹಳದಿಗೆ ವಾಲಿತ್ತು, ಇನ್ನೊಂದರಲ್ಲಿ ನೀಲಿಗೆ. ಎರಡು ಸೆನ್ಸರುಗಳು ಒಂದೇ ಎಲೆಯನ್ನು ಒಂದೇ ರೀತಿ ನೋಡುವುದಿಲ್ಲ. ಗೋಡೆ ಹೊಂದಿತೆಂದರೆ ಎಲೆಯೂ ಹೊಂದಬೇಕೆಂದೇನಿಲ್ಲ.

ಗೋಡೆಗಿಂತ ದೊಡ್ಡ ಪರೀಕ್ಷೆ ಮುಖದ್ದು. ನೋಡುವವರು ಗೋಡೆಯನ್ನು ನೋಡುವುದಿಲ್ಲ, ಮಾತಾಡುತ್ತಿರುವ ಮುಖವನ್ನು ನೋಡುತ್ತಾರೆ. ವೆಕ್ಟರ್‌ಸ್ಕೋಪ್ ಎಂಬ ಗುಂಡಗಿನ ಗ್ರಾಫಿನಲ್ಲಿ ಬಣ್ಣಗಳು ಗಡಿಯಾರದ ಮುಖದ ಮೇಲೆ ಹರಡಿಕೊಂಡಂತೆ ಕಾಣುತ್ತವೆ. ನಡುವಿನಲ್ಲಿ ಬಣ್ಣವಿಲ್ಲ, ಅಂಚಿಗೆ ಹೋದಷ್ಟೂ ಬಣ್ಣ ದಟ್ಟ. ಅದರಲ್ಲಿ ಕೆಂಪು ಮತ್ತು ಹಳದಿಯ ನಡುವೆ, ಹೆಚ್ಚುಕಮ್ಮಿ ಹನ್ನೊಂದು ಗಂಟೆಯ ಕಡೆಗೆ, ಚರ್ಮದ ಗೆರೆ ಎಂದು ಕರೆಯುವ ಒಂದು ಗೆರೆ ಇದೆ. ಮನುಷ್ಯ ಕಪ್ಪಿರಲಿ ಬಿಳಿ ಇರಲಿ, ಸಾಧಾರಣ ಬೆಳಕಿನಲ್ಲಿ ಅವನ ಚರ್ಮದ ಬಣ್ಣ ಈ ಗೆರೆಯ ಆಸುಪಾಸಿನಲ್ಲೇ ಬೀಳುತ್ತದೆ. ನಮ್ಮಲ್ಲಿ ಬೇರೆಯಾಗುವುದು ಮುಖ್ಯವಾಗಿ ಎಷ್ಟು ಗಾಢ, ಎಷ್ಟು ದಟ್ಟ ಎಂಬುದು. ದಿಕ್ಕು ಹೆಚ್ಚು ಬದಲಾಗುವುದಿಲ್ಲ. ಈ ಗೆರೆಯನ್ನು ದೇವರ ವಾಕ್ಯದಂತೆ ಹಿಡಿಯಬಾರದು. ಸಂಜೆಯ ದೀಪದ ಮುಂದೆ ಕೂತ ಮುಖ ಗೆರೆಯ ಮೇಲೆಯೇ ಇರಬೇಕೆಂದು ಹಟ ಹಿಡಿದರೆ ದೀಪವೇ ಸುಳ್ಳಾಗುತ್ತದೆ. ಆದರೆ ಒಂದೇ ದೃಶ್ಯದ ಎರಡು ಶಾಟುಗಳಲ್ಲಿ ಒಂದೇ ಮುಖ ಗೆರೆಯ ಒಂದೇ ಬದಿಯಲ್ಲಿ, ಒಂದೇ ದೂರದಲ್ಲಿ ಇರಬೇಕು. ನಾನು ಗೆರೆಯನ್ನು ನೋಡುವುದು ಇಷ್ಟಕ್ಕೇ.

ಮುಖ ಎಂದೆ, ಚರ್ಮ ಎನ್ನಲಿಲ್ಲ. ಅದಕ್ಕೆ ಕಾರಣವಿದೆ. ಹಸಿರಡಿಕೆ ಸುಲಿದವರ ಕೈ ನೋಡಿದ್ದೀರಾ? ಸಿಪ್ಪೆಯ ರಸ ಹತ್ತಿ ಬೆರಳುಗಳು ಕಂದುಕಪ್ಪಾಗಿ, ಹಂಗಾಮು ಮುಗಿದು ಎಷ್ಟೋ ದಿನದವರೆಗೂ ಹಾಗೇ ಇರುತ್ತವೆ. ಈ ಚಿತ್ರದಲ್ಲಿ ಮೆಟ್ಟುಗತ್ತಿಯ ಮುಂದಿನ ಕೈಗಳ ಶಾಟುಗಳೇ ನಲವತ್ತಿವೆ. ನವೆಂಬರಿನ ಕೈಗಿಂತ ಡಿಸೆಂಬರಿನ ಕೈ ಕಪ್ಪು. ಅದನ್ನು ಕ್ಯಾಮೆರಾದ ದೋಷವೆಂದು ತಿಳಿದು "ಸರಿ" ಮಾಡಿದರೆ ಆ ಹೆಂಗಸು ಒಂದು ತಿಂಗಳು ಮಾಡಿದ ಕೆಲಸವನ್ನೇ ತೊಳೆದುಹಾಕಿದಂತೆ. ಹಾಗಾಗಿ ಅಳತೆಗೆ ಹಣೆಯನ್ನು ಮಾತ್ರ ಇಟ್ಟುಕೊಂಡೆ.

ಬೇಯಿಸುವ ದೃಶ್ಯದಲ್ಲಿ ಇದೇ ಪ್ರಶ್ನೆ ಇನ್ನೂ ಬಿಗಿಯಾಗಿ ಎದುರಾಯಿತು. ಸುಲಿದ ಅಡಿಕೆಯನ್ನು ಹಂಡೆಯಲ್ಲಿ ಚೊಗರು ಬೆರೆಸಿದ ನೀರಿನಲ್ಲಿ ಬೇಯಿಸುತ್ತಾರೆ. ಕೆಂಪಡಿಕೆಯ ಕೆಂಪು ಬರುವುದು ಅದರಿಂದ. ಹಂಡೆಯ ಮೇಲಿನಿಂದ ತೆಗೆದ ಮೂರು ಶಾಟುಗಳಿದ್ದವು, ಎರಡು ಸೋನಿಯವು, ನಡುವಿನದು ಕ್ಯಾನನ್ನಿನದು. ಒಲೆಯ ಪಕ್ಕದ ಸಿಮೆಂಟಿನ ಕಟ್ಟೆ ಹೊಂದಿತು, ಬೂದಿ ಹೊಂದಿತು, ಹಂಡೆಯ ಕಂಠದ ಮಸಿಯೂ ಹೊಂದಿತು. ಚೊಗರಿನ ಬಣ್ಣ ಮಾತ್ರ ಜಪ್ಪಯ್ಯ ಎಂದರೂ ಹೊಂದಲಿಲ್ಲ. ಸೋನಿಯಲ್ಲಿ ಇಟ್ಟಿಗೆಯ ಕೆಂಪು, ಕ್ಯಾನನ್ನಿನಲ್ಲಿ ಹೆಚ್ಚುಕಮ್ಮಿ ಕಾಫಿ ಡಿಕಾಕ್ಷನ್. ಆ ಕೆಂಪನ್ನು ಪ್ರತ್ಯೇಕವಾಗಿ ಹಿಡಿದು ತಿರುಗಿಸುವುದು ಎರಡು ನಿಮಿಷದ ಕೆಲಸ. ಕೈ ಹಾಕುವ ಮೊದಲು ಅಜ್ಜಿಯ ಮಗನಿಗೆ ಫೋನ್ ಮಾಡಿ ಕೇಳಿದೆ.

"ನೀವು ಯಾವ ದಿನದ್ದು ನೋಡ್ತಾ ಇದೀರಿ? ಮೊದಲ ದಿನದ್ದು ತೆಳೂ ಇರ್ತದೆ ಮಾರಾಯ್ರೆ, ಒಂದೊಂದು ಒಬ್ಬೆ ಬೇಯಿಸಿದ ಹಾಗೂ ಅದೇ ನೀರು ಗಟ್ಟಿಯಾಗ್ತಾ ಹೋಗ್ತದೆ. ಡಿಸೆಂಬರಿಂದು ಕಪ್ಪೇ ಇರಬೇಕು. ಇಲ್ದಿದ್ರೆ ಅಡಿಕೆ ಬಣ್ಣ ಕಟ್ಟೂದೇ ಇಲ್ಲ."

ಕಟ್ಟೆ, ಬೂದಿ, ಮಸಿ ಈ ಮೂರನ್ನೂ ಹೊಂದಿಸಿದ ಮೇಲೆ ಉಳಿದ ವ್ಯತ್ಯಾಸ ಕ್ಯಾಮೆರಾದ್ದಲ್ಲ, ಹಂಡೆಯದ್ದು. ಬಣ್ಣವಿಲ್ಲದ ವಸ್ತುಗಳಿಂದ ಶುರುಮಾಡುವುದರ ಪ್ರಯೋಜನ ಇಲ್ಲಿ ಕಾಣುತ್ತದೆ. ನಾನು ಚೊಗರಿನಿಂದಲೇ ಹೊಂದಿಸಲು ಶುರುಮಾಡಿದ್ದರೆ ಚೊಗರು ಒಂದೇ ಆಗಿ, ಕಟ್ಟೆ ಹಸಿರಾಗುತ್ತಿತ್ತು, ಯಾಕೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ಕೆಂಪನ್ನು ಮುಟ್ಟಲಿಲ್ಲ. ಬದಲಿಗೆ ಸಂಕಲನಕಾರನಿಗೆ ಹೇಳಿ ಕ್ಯಾನನ್ನಿನ ಶಾಟನ್ನು ನಡುವಿನಿಂದ ತೆಗೆಸಿ ಕೊನೆಗೆ ಹಾಕಿಸಿದೆವು. ಈಗ ಚೊಗರು ತೆಳುವಿನಿಂದ ಗಟ್ಟಿಗೆ ಹೋಗುತ್ತದೆ. ಅಡಿಕೆ ಬೇಯಿಸುವವರು ನೋಡಿದರೆ ನಗುವುದಿಲ್ಲ.

ಫೋನಿನ ತುಣುಕುಗಳ ವಿಷಯ ಬೇರೆ. ಕ್ಯಾಮೆರಾ ಒಂದೊಂದು ಬಣ್ಣಕ್ಕೂ 1024 ಮೆಟ್ಟಿಲುಗಳನ್ನು ಕೊಟ್ಟರೆ ಈ ಫೋನ್ ಕೊಡುತ್ತಿದ್ದದ್ದು 256. ಜೊತೆಗೆ ಅದು ಚಿತ್ರವನ್ನು ತಾನೇ ಹರಿತ ಮಾಡಿ, ನೆರಳನ್ನು ಎತ್ತಿ, ಹಸಿರಿಗೆ ಇನ್ನಷ್ಟು ಹಸಿರು ಬಳಿದೇ ಕೊಟ್ಟಿರುತ್ತದೆ. ಬೆಂದ ಅನ್ನವನ್ನು ಮತ್ತೆ ಅಕ್ಕಿ ಮಾಡಲಾಗದು. ಅಂಥ ಚಿತ್ರವನ್ನು ಜೋರಾಗಿ ಎಳೆದರೆ ಆಕಾಶದಲ್ಲಿ ನಯವಾಗಿ ಇಳಿಯಬೇಕಾದ ಬಣ್ಣ ಪಟ್ಟೆಪಟ್ಟೆಯಾಗಿ ಒಡೆಯುತ್ತದೆ, ಕೆನ್ನೆಯ ಮೇಲೆ ಮಚ್ಚೆಗಳೇಳುತ್ತವೆ. ಹಾಗಾಗಿ ನಾನು ಇಡೀ ಚಿತ್ರಕ್ಕೆ ಯಾವ ಧಾಟಿ ಎಂದು ನಿರ್ಧರಿಸುವ ಮೊದಲು ಎಲ್ಲಕ್ಕಿಂತ ದುರ್ಬಲವಾದ ತುಣುಕನ್ನು ತೆರೆದು, ಅದು ಒಡೆಯದೆ ಎಲ್ಲಿಯವರೆಗೆ ಬರುತ್ತದೆ ಎಂದು ನೋಡುತ್ತೇನೆ. ನಿರ್ದೇಶಕಿಗೆ ಮೊದಲು ಬೇಕಿದ್ದದ್ದು ತಣ್ಣಗಿನ, ಬಣ್ಣ ಬಸಿದಂಥ ಚಿತ್ರ. ಫೋನಿನ ಹಸಿರು ಅಲ್ಲಿಯವರೆಗೆ ಬರಲಿಲ್ಲ. ಅರ್ಧ ದಾರಿಯಲ್ಲಿ ನಿಂತೆವು, ಒಳ್ಳೆಯ ಕ್ಯಾಮೆರಾಗಳನ್ನೇ ಅಲ್ಲಿಗೆ ಇಳಿಸಿ ತಂದೆವು. ಒಳ್ಳೆಯದನ್ನು ಕೆಟ್ಟದ್ದರ ಹತ್ತಿರಕ್ಕೆ ತರುವುದು ಕೇಳಲು ಬೇಸರದ ಮಾತು. ಆದರೆ ಕೆಟ್ಟದ್ದನ್ನು ಒಳ್ಳೆಯದರ ಹತ್ತಿರಕ್ಕೆ ಎಳೆಯುವುದಕ್ಕೆ ಬೇಕಾದ ಮೆಟ್ಟಿಲುಗಳು ಆ ಫೈಲಿನಲ್ಲಿ ಇರಲೇ ಇಲ್ಲ.

ಇಷ್ಟೆಲ್ಲ ಅಳತೆ ಯಾಕೆ, ಕಣ್ಣಿಲ್ಲವೇ ಎಂದು ಕೇಳುವವರಿದ್ದಾರೆ. ಕಣ್ಣಿದೆ, ಆದರೆ ಅದು ತೀರಾ ಒಳ್ಳೆಯ ಸ್ವಭಾವದ್ದು, ಎಲ್ಲದಕ್ಕೂ ಹೊಂದಿಕೊಳ್ಳುತ್ತದೆ. ಹಳದಿ ಬಲ್ಬಿನ ಕೋಣೆಗೆ ಹೋದ ಸ್ವಲ್ಪ ಹೊತ್ತಿಗೆಲ್ಲ ನಮಗೆ ಬಿಳಿ ಅಂಗಿ ಬಿಳಿಯಾಗಿಯೇ ಕಾಣುತ್ತದಲ್ಲ, ಹಾಗೆ. ನೀಲಿಗೆ ವಾಲಿದ ಶಾಟನ್ನು ಹತ್ತು ನಿಮಿಷ ದಿಟ್ಟಿಸಿದರೆ ಅದೇ ಸರಿ ಅನ್ನಿಸತೊಡಗುತ್ತದೆ. ಪ್ರೇಕ್ಷಕರಿಗೂ ಇದೇ ಗುಣವಿದೆ. ಅವರು ಒಂದು ಶಾಟಿನೊಳಗಿನ ವಾಲಿಕೆಯನ್ನು ಬೇಗ ಒಪ್ಪಿಕೊಂಡುಬಿಡುತ್ತಾರೆ, ಅವರಿಗೆ ಚುಚ್ಚುವುದು ಕತ್ತರಿ ಬಿದ್ದ ಜಾಗದಲ್ಲಿ ಆಗುವ ಜಿಗಿತ ಮಾತ್ರ. ಆದ್ದರಿಂದ ನನ್ನ ಕೋಣೆಯ ಗೋಡೆಗೆ ಬೂದು ಬಣ್ಣ, ತೆರೆಯ ಹಿಂದೆ 6500 ಕೆಲ್ವಿನ್‌ನ ಮಂದ ದೀಪ, ಮತ್ತು ಗಂಟೆಗೊಮ್ಮೆ ಎದ್ದು ಹೊರಗೆ ಹೋಗಿ ಬರುವುದು. ನವೆಂಬರಿನ ಶಾಟುಗಳಲ್ಲಿ ಚೆನ್ನಾಗಿರುವ ಒಂದನ್ನು ಆರಿಸಿ ಸ್ಥಿರಚಿತ್ರವಾಗಿ ಇಟ್ಟುಕೊಂಡಿರುತ್ತೇನೆ. ಉಳಿದ ಪ್ರತಿಯೊಂದನ್ನೂ ಅರ್ಧ ತೆರೆಯಲ್ಲಿ ಅದರ ಪಕ್ಕಕ್ಕಿಟ್ಟು ನೋಡುತ್ತೇನೆ. ಹಿಂದಿನ ಶಾಟಿನ ಪಕ್ಕಕ್ಕಲ್ಲ, ಯಾವಾಗಲೂ ಆ ಒಂದರ ಪಕ್ಕಕ್ಕೇ. ಹಿಂದಿನದಕ್ಕೆ ಹೊಂದಿಸುತ್ತಾ ಹೋದರೆ ಪ್ರತಿ ಸಲವೂ ಕೂದಲೆಳೆಯಷ್ಟು ಜಾರಿ, ಇಪ್ಪತ್ತನೆಯ ಶಾಟಿನ ಹೊತ್ತಿಗೆ ಮತ್ತೊಂದು ಊರಿನಲ್ಲಿರುತ್ತೇವೆ. ಕೊನೆಗೆ ಇಡೀ ದೃಶ್ಯದ ಶಾಟುಗಳನ್ನು ಸಣ್ಣ ಸಣ್ಣ ಚಿತ್ರಗಳಾಗಿ ಒಂದೇ ತೆರೆಯ ಮೇಲೆ ಹರಡಿ ಸ್ವಲ್ಪ ದೂರ ಹೋಗಿ ನಿಲ್ಲುತ್ತೇನೆ. ಯಾವುದು ಹೊರಗಿನದೋ ಅದು ಅಕ್ಕಿಯಲ್ಲಿನ ಕಲ್ಲಿನಂತೆ ತಾನೇ ಎದ್ದು ಕಾಣುತ್ತದೆ.

ಆಗಲೂ ಎದ್ದು ಕಂಡದ್ದು ಅಜ್ಜಿಯ ಆ ಅರ್ಧ ಮಾತು. ಬಣ್ಣ ಹೊಂದಿತ್ತು, ಅಂಕಿಗಳು ಹೊಂದಿದ್ದವು. ಆದರೆ ನವೆಂಬರಿನ ಮೋಡದ ಬೆಳಕು ಎಲ್ಲ ಕಡೆಯಿಂದಲೂ ಮೆತ್ತಗೆ ಬರುತ್ತಿತ್ತು, ಡಿಸೆಂಬರಿನ ಬಿಸಿಲು ಎಡಗಡೆಯಿಂದ ಬಂದು ಮೂಗಿನ ನೆರಳನ್ನು ಕೆನ್ನೆಯ ಮೇಲೆ ಗೆರೆ ಎಳೆದಂತೆ ಬೀಳಿಸುತ್ತಿತ್ತು. ಬೆಳಕಿನ ಬಣ್ಣವನ್ನು ಬದಲಿಸಬಹುದು, ಅದು ಬರುವ ದಿಕ್ಕನ್ನು ನನ್ನ ಯಾವ ಗುಂಡಿಯೂ ಬದಲಿಸುವುದಿಲ್ಲ. ಮಾಡಬಹುದಾದದ್ದು ಇಷ್ಟೇ: ನೆಲದ ಮೇಲೆ ಬಿದ್ದ ಬಿಸಿಲಿನ ತುಂಡಿನ ಸುತ್ತ ಒಂದು ಮೃದುವಾದ ಆಕಾರ ಬರೆದು ಅದನ್ನು ಮಂಕು ಮಾಡಿದೆ, ಕೆನ್ನೆಯ ನೆರಳನ್ನು ಸ್ವಲ್ಪ ಎತ್ತಿದೆ. ಉಳಿದದ್ದನ್ನು ಸಂಕಲನಕಾರ ಮಾಡಿದ. ಎರಡು ಅರ್ಧಗಳ ನಡುವೆ, ಮಾತು ಮುಂದುವರಿಯುತ್ತಿರುವಾಗಲೇ, ಕತ್ತಿಯ ಮೇಲೆ ಅಡಿಕೆ ಸೀಳುವ ಎರಡೂವರೆ ಸೆಕೆಂಡಿನ ಶಾಟ್ ಹಾಕಿದ. ಅಷ್ಟು ಹೊತ್ತು ಬೇರೇನನ್ನೋ ನೋಡಿದ ಕಣ್ಣು ಹಿಂದಿನ ನೆರಳು ಎಲ್ಲಿತ್ತೆಂದು ಲೆಕ್ಕ ಇಡುವುದಿಲ್ಲ.

ಇದರ ಬೆನ್ನಿಗೇ ಇನ್ನೊಂದು ಮಾತಿತ್ತು. ಡಿಸೆಂಬರಿನಲ್ಲಿ ಅಜ್ಜಿ ಹೇಳಿದ್ದು: "ಬೆಂಗಳೂರಲ್ಲಿ ಮಗಳ ಮನೇಲಿ ಹದಿನೈದು ದಿನ ಇದ್ದು ಬಂದೆ. ಅಲ್ಲೂ ಇರಬಹುದು ಅನ್ನಿಸ್ತು." ಎರಡು ಚಿತ್ರೀಕರಣಗಳ ನಡುವೆ ಅವರು ಹೋಗಿಬಂದಿದ್ದರು. ಸಂಕಲನದಲ್ಲಿ ಇದು ಮೊದಲಿನ ಮಾತಿಗೆ ಅಂಟಿಕೊಂಡೇ ಇತ್ತು, ನನಗೆ ಬಂದ ಪಟ್ಟಿಯಲ್ಲಿ "ಇದನ್ನೂ ಹೊಂದಿಸಿ" ಎಂದಿತ್ತು. ಹೊಂದಿಸಿದೆ. ಹೊಂದಿಸಿ ನೋಡಿದರೆ ಒಬ್ಬ ಮುದುಕಿ ಒಂದೇ ಕೂತಲ್ಲಿ, ಒಂದೇ ಮಧ್ಯಾಹ್ನ, ಮನೆ ಬಿಟ್ಟು ಎಲ್ಲಿಗೂ ಹೋಗಲಾರೆ ಎಂದು ಹೇಳಿ ಮರುಗಳಿಗೆಗೆ ಹೋದರೂ ಆದೀತು ಎನ್ನುತ್ತಿದ್ದರು. ಚಂಚಲೆಯಂತೆ ಕಾಣುತ್ತಿದ್ದರು. ಅವರು ಚಂಚಲೆಯಲ್ಲ, ನಡುವೆ ಒಂದು ತಿಂಗಳಿತ್ತು. ಪಂಪ್ ಸೆಟ್ಟಿನಿಂದಾಗಿ ಮತ್ತೆ ಆಡಿಸಿದ ಮಾತು ಅದೇ ಮಾತು, ಅದನ್ನು ಒಂದೇ ದಿನದ್ದೆಂದು ತೋರಿಸಿದರೆ ಯಾರಿಗೂ ಅನ್ಯಾಯವಿಲ್ಲ. ಇದು ಹಾಗಲ್ಲ.

ನಿರ್ದೇಶಕಿಯನ್ನು ಕರೆಸಿ ಎರಡೂ ರೀತಿ ತೋರಿಸಿದೆ. ಅವರು ಮಾತಾಡದೆ ಮೂರು ಸಲ ನೋಡಿದರು. ಆಮೇಲೆ ಅಟ್ಟದ ಮೇಲೆ ಅಡಿಕೆ ಒಣಗುತ್ತಿರುವ ಒಂದು ಉದ್ದನೆಯ ಶಾಟನ್ನು ತಂದು ನಡುವೆ ಹಾಕಿಸಿದರು. ಅದರ ನಂತರ ಬರುವ ಅಜ್ಜಿಯ ಶಾಟಿನಿಂದ ನಾನು ಬರೆದಿದ್ದ ಆಕಾರವನ್ನು ತೆಗೆದೆ, ನೆರಳನ್ನು ಇದ್ದಲ್ಲಿಗೇ ಇಳಿಸಿದೆ, ಗೋಡೆಯ ಕೆಂಪನ್ನು 600ರಿಂದ ಮತ್ತೆ 630ಕ್ಕೆ ಬಿಟ್ಟೆ. ಬಿಸಿಲು ಜಗಲಿಯ ಮೇಲೆ ವಾಪಸು ಬಂದು ಕೂತಿತು.